ರೆಸ್ಯೂಮ್ ತುಂಬ ಟೂಲ್, ಫಲ ಎಲ್ಲೂ ಇಲ್ಲ: ಡೇಟಾ ಅನಲಿಸ್ಟ್ ನಿಮ್ಮ ಕೆಲಸಕ್ಕೆ ಹೊಂದುತ್ತಾರಾ ಎಂದು ತೂಗುವ ಬಗೆ

ಕುಶಾಲನಗರದ ಒಂದು ಕಾಫಿ ಖರೀದಿ ಮತ್ತು ಕ್ಯೂರಿಂಗ್ ಸಂಸ್ಥೆಯಲ್ಲಿ ಲೆಕ್ಕ ಮತ್ತು ಡೇಟಾ ವಿಭಾಗ ನೋಡಿಕೊಳ್ಳುತ್ತೇನೆ. ಕೊಯ್ಲಿಗೆ ಮುಂಚೆ ಒಬ್ಬ ಡೇಟಾ ಅನಲಿಸ್ಟ್ ಬೇಕು ಎಂದು ಹೇಳಿಕಳಿಸಿದಾಗ ಬಂದ ರೆಸ್ಯೂಮ್‌ಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಮೇಲೆ ಹೆಸರು, ಅದರ ಕೆಳಗೆ ಎಸ್‌ಕ್ಯೂಎಲ್, ಪೈಥಾನ್, ಪವರ್ ಬಿಐ, ಟ್ಯಾಬ್ಲೋ, ಅಡ್ವಾನ್ಸ್‌ಡ್ ಎಕ್ಸೆಲ್. ಆಮೇಲೆ ‘12 ಡ್ಯಾಶ್‌ಬೋರ್ಡ್ ತಯಾರಿಸಿದ್ದೇನೆ’, ‘ದೊಡ್ಡ ಪ್ರಮಾಣದ ಡೇಟಾ ಸ್ವಚ್ಛಗೊಳಿಸಿದ್ದೇನೆ’. ಆ ಡ್ಯಾಶ್‌ಬೋರ್ಡ್ ನೋಡಿ ಯಾರು ಏನು ಮಾಡಿದರು ಎಂಬ ಒಂದು ಸಾಲೂ ಇಲ್ಲ.

ಇಂಥ ರೆಸ್ಯೂಮ್ ಕೈಗೆ ಬಂದಾಗ ನಾನು ಎರಡು ರೀತಿಯಲ್ಲಿ ತಪ್ಪಿದ್ದೇನೆ. ಹಿಂದೆ ಬೇರೊಂದು ಕಡೆ ಇದ್ದಾಗ ಟೂಲ್‌ಗಳ ಪಟ್ಟಿ ನೋಡಿ, ಟೂಲ್‌ಗಳ ಮೇಲೇ ಪರೀಕ್ಷೆ ಇಟ್ಟು ಒಬ್ಬರನ್ನು ತೆಗೆದುಕೊಂಡೆವು. ಚಾರ್ಟ್‌ಗಳು ಚೆಂದ ಬಂದವು. ಆದರೆ ಯಾರ್ಡಿನ ಮೇಸ್ತ್ರಿಗೆ ಬೇಕಾದ ಒಂದು ಅಂಕಿ ಅದರಲ್ಲಿ ಇರಲಿಲ್ಲ, ಒಂದು ಸೀಸನ್ ಹಾಗೇ ಕಳೆದುಹೋಯಿತು. ಇನ್ನೊಮ್ಮೆ ‘ಫಲ ಬರೆದಿಲ್ಲ’ ಎಂಬ ಒಂದೇ ಕಾರಣಕ್ಕೆ ಒಬ್ಬರನ್ನು ಮಾತಾಡಿಸದೆ ಬಿಟ್ಟೆ. ಅವರು ಬೇರೆ ಕಡೆ ಸೇರಿ ಮಾಡಿದ ಕೆಲಸ ಆಮೇಲೆ ಕಿವಿಗೆ ಬಿದ್ದಾಗ ಬೇಸರವಾಯಿತು. ಈಗ ನಾನು ಅನುಸರಿಸುವ ಕ್ರಮವನ್ನು, ಕಳೆದ ಸಲ ಸೋಮವಾರಪೇಟೆ ಕಡೆಯ ಒಬ್ಬ ಹುಡುಗಿಯ ರೆಸ್ಯೂಮನ್ನು ತೂಗಿದ ಉದಾಹರಣೆಯ ಜೊತೆ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ.

ಮೊದಲ ಹೆಜ್ಜೆ: ರೆಸ್ಯೂಮ್ ತೆರೆಯುವ ಮುಂಚೆ ನಿಮ್ಮ ಪ್ರಶ್ನೆ ಬರೆದುಕೊಳ್ಳಿ

ರೆಸ್ಯೂಮಿನಲ್ಲಿ ಫಲ ಕಾಣುತ್ತಿಲ್ಲ ಎಂದು ದೂರುವ ನಾವು, ನಮಗೆ ಬೇಕಾದ ಫಲ ಯಾವುದು ಎಂದು ಎಷ್ಟೋ ಸಲ ಬರೆದೇ ಇರುವುದಿಲ್ಲ. ನಮ್ಮ ಜಾಹೀರಾತಿನಲ್ಲೂ ಟೂಲ್‌ಗಳ ಪಟ್ಟಿಯೇ ಇತ್ತು. ಟೂಲ್ ಕೇಳಿದವರಿಗೆ ಟೂಲೇ ಬರುತ್ತದೆ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು, ಈ ವ್ಯಕ್ತಿ ಕೊಡುವ ಅಂಕಿ ನೋಡಿ ನಾವು ತೀರ್ಮಾನಿಸಬೇಕಾದ ಎರಡು ಅಥವಾ ಮೂರು ವಿಷಯ ಬರೆಯಿರಿ. ಅದಕ್ಕಿಂತ ಹೆಚ್ಚು ಬೇಡ. ನಮ್ಮಲ್ಲಿ ಮೊದಲನೆಯದು ಹೀಗಿತ್ತು. ರೋಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು ಕೊಳ್ಳುವಾಗ 50 ಕೆ.ಜಿ. ಚೀಲಕ್ಕೆ ಎಷ್ಟು ಕೆ.ಜಿ. ಬೀಜ ಬರುತ್ತದೆ ಎಂಬ ಔಟ್‌ಟರ್ನ್ ಮೇಲೆ ಹಣ ಕೊಡುತ್ತೇವೆ. ಸಾಧಾರಣವಾಗಿ 26ರಿಂದ 28ರ ಆಸುಪಾಸು ಬರುತ್ತದೆ. ಖರೀದಿ ಮಾಡುವ ಡಿಪೋದಲ್ಲಿ ಸ್ಯಾಂಪಲ್ ಸುಲಿದು ನೋಡಿದ ಔಟ್‌ಟರ್ನ್ ಒಂದು, ಮಿಲ್ಲಿನಲ್ಲಿ ಇಡೀ ಲಾಟ್ ಸುಲಿದ ಮೇಲೆ ಬರುವುದು ಇನ್ನೊಂದು. ಹಣ ಕೊಟ್ಟಿರುವುದು ಮೊದಲನೆಯದರ ಮೇಲೆ. ನಡುವಿನ ಅಂತರ ನಮ್ಮ ತಲೆಯ ಮೇಲೆ. ಯಾವ ಡಿಪೋದಲ್ಲಿ, ಯಾಕೆ ಅಂತರ ಬರುತ್ತಿದೆ, ಸ್ಯಾಂಪಲ್ ತೆಗೆಯುವ ರೀತಿಯನ್ನು ಎಲ್ಲಿ ಬದಲಿಸಬೇಕು? ಅನಲಿಸ್ಟ್ ಉತ್ತರಿಸಬೇಕಾದ ಪ್ರಶ್ನೆ ಇದು.

ಇದನ್ನು ಬರೆದ ಕೂಡಲೇ ಟೂಲ್‌ಗಳ ಪಟ್ಟಿ ತಾನಾಗಿ ಕುಗ್ಗಿತು. ಈ ಕೆಲಸಕ್ಕೆ ಎಸ್‌ಕ್ಯೂಎಲ್ ಮತ್ತು ಎಕ್ಸೆಲ್ ಸಾಕು. ಪೈಥಾನ್ ಬಂದರೆ ಒಳ್ಳೆಯದು, ಬಾರದಿದ್ದರೂ ಕೆಲಸ ನಿಲ್ಲುವುದಿಲ್ಲ. ಎರಡು ತಿಂಗಳಲ್ಲಿ ಕಲಿಯಬಹುದಾದ ಟೂಲಿಗಾಗಿ ಯಾರನ್ನೂ ತೆಗೆದುಹಾಕಬೇಡಿ. ಅದೇ, ಅಂಕಿಯ ಹಿಂದೆ ಹೋಗಿ ‘ಇದು ಯಾಕೆ ಹೀಗೆ’ ಎಂದು ಕೇಳುವ ಅಭ್ಯಾಸವನ್ನು ಎರಡು ತಿಂಗಳಲ್ಲಿ ಕಲಿಸಲು ನನಗೆ ಇದುವರೆಗೆ ಆಗಿಲ್ಲ.

ಎರಡನೇ ಹೆಜ್ಜೆ: ಫಲ ಯಾಕೆ ಬರೆದಿಲ್ಲ ಎಂದು ಊಹೆ ಮಾಡಿ, ತೀರ್ಪು ಕೊಡಬೇಡಿ

ಸೋಮವಾರಪೇಟೆಯ ಹುಡುಗಿ ಬೆಂಗಳೂರಿನಲ್ಲಿ ಮೂರು ವರ್ಷ ಒಂದು ಸರ್ವಿಸ್ ಕಂಪನಿಯಲ್ಲಿ ಇದ್ದವಳು. ಊರಿಗೆ ಹತ್ತಿರದಲ್ಲಿ ಕೆಲಸ ಬೇಕಿತ್ತು. ಅವಳ ರೆಸ್ಯೂಮಿನಲ್ಲೂ ಅದೇ 12 ಡ್ಯಾಶ್‌ಬೋರ್ಡ್. ಇದನ್ನು ಓದುವಾಗ ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಸಾಧ್ಯ ಕಾರಣಗಳನ್ನು ಬರೆದೆ.

ಸರ್ವಿಸ್ ಕಂಪನಿಯಲ್ಲಿ ಕೆಲಸ ಟಿಕೆಟ್, ಅಂದರೆ ಒಂದೊಂದೇ ಬಿಡಿ ಬೇಡಿಕೆಯ ರೂಪದಲ್ಲಿ ಬರುತ್ತದೆ. ಗ್ರಾಹಕ ಕಂಪನಿಯ ಮಾರಾಟ ಏರಿತೋ ಇಳಿಯಿತೋ ಎಂಬುದು ಇವರ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ಗೋಪ್ಯತೆಯ ಒಪ್ಪಂದ ಇರುತ್ತದೆ, ಬರೆಯುವ ಹಾಗಿಲ್ಲ. ಇನ್ನು ನೌಕರಿ ಪೋರ್ಟಲ್‌ಗಳು ಕೀವರ್ಡ್ ಹಿಡಿದು ಹುಡುಕುತ್ತವೆ ಎಂದು ಟೂಲ್ ಹೆಸರುಗಳನ್ನು ತುಂಬಿಸುವಂತೆ ಕಾಲೇಜಿನಿಂದಲೇ ಹೇಳಿಕೊಟ್ಟಿರುತ್ತಾರೆ. ಇದರ ಜೊತೆಗೆ ನಮ್ಮ ಕಡೆಯವರ ಒಂದು ಸ್ವಭಾವ ಇದೆ. ‘ನಾನು ಮಾಡಿದೆ’ ಎಂದು ಬರೆದುಕೊಳ್ಳಲು ಕೈ ಹಿಂಜರಿಯುತ್ತದೆ. ಹಾಗೆ ಹೇಳಿಕೊಳ್ಳುವುದು ದೊಡ್ಡಸ್ತಿಕೆ ಎಂದು ಮನೆಯಲ್ಲೇ ಕಲಿತಿರುತ್ತೇವೆ. ಕೊನೆಯ ಕಾರಣವೂ ಇದೆ: ನಿಜಕ್ಕೂ ಫಲ ಇಲ್ಲದಿರುವುದು, ಅಂದರೆ ಕೇಳಿದ್ದನ್ನು ಕೇಳಿದ ಹಾಗೆ ಮಾಡಿಕೊಟ್ಟು ಮರೆತಿರುವುದು.

ಈ ಎಲ್ಲ ಕಾರಣಗಳಿಗೂ ಕಾಗದದ ಮೇಲೆ ಒಂದೇ ಮುಖ. ಓದಿ ಯಾವುದು ಎಂದು ಹೇಳಲು ಆಗುವುದಿಲ್ಲ. ಹಾಗೆಯೇ, ಫಲ ಬರೆದಿರುವ ರೆಸ್ಯೂಮನ್ನೂ ಕಣ್ಣುಮುಚ್ಚಿ ನಂಬಬೇಡಿ. ನಮಗೆ ಬಂದ ಇನ್ನೊಂದರಲ್ಲಿ ‘ಮಾರಾಟ ಶೇ. 30 ಹೆಚ್ಚಿಸಿದೆ’ ಎಂದಿತ್ತು. ‘ಯಾವ ತಿಂಗಳಿಗೆ ಹೋಲಿಸಿ?’ ಎಂದು ಕೇಳಿದೆ. ಹಬ್ಬದ ತಿಂಗಳನ್ನು ಅದರ ಹಿಂದಿನ ತಿಂಗಳಿಗೆ ಹೋಲಿಸಿದ್ದರು. ಹಬ್ಬಕ್ಕೆ ಮಾರಾಟ ಏರುವುದಕ್ಕೆ ಅನಲಿಸ್ಟ್ ಬೇಕಿಲ್ಲ.

ಮೂರನೇ ಹೆಜ್ಜೆ: ಒಂದೇ ಒಂದು ರಿಪೋರ್ಟನ್ನು ಹಿಡಿದು ಕೊನೆಯವರೆಗೆ ಹೋಗಿ

ಈ ಕ್ರಮದ ಜೀವ ಇರುವುದು ಇಲ್ಲಿ. 25 ನಿಮಿಷದ ಫೋನ್ ಸಾಕು. ಹನ್ನೆರಡು ಡ್ಯಾಶ್‌ಬೋರ್ಡ್ ಬಗ್ಗೆ ಕೇಳಬೇಡಿ. ಅವರಿಗೆ ಚೆನ್ನಾಗಿ ನೆನಪಿರುವ ಒಂದನ್ನು ಅವರೇ ಆರಿಸಲಿ. ಆಮೇಲೆ ಆ ಒಂದರ ದಾರಿಯನ್ನೇ ಹಿಡಿಯಿರಿ: ಇದನ್ನು ಕೇಳಿದ್ದು ಯಾರು, ಯಾಕೆ ಕೇಳಿದರು, ಯಾವ ದಿನ ತೆರೆಯುತ್ತಿದ್ದರು, ತೆರೆದ ಮೇಲೆ ಏನು ಮಾಡುತ್ತಿದ್ದರು, ಇದು ಬರುವ ಮುಂಚೆ ಅದೇ ಕೆಲಸವನ್ನು ಹೇಗೆ ಮಾಡುತ್ತಿದ್ದರು, ಒಂದು ವಾರ ಇದು ನಿಂತುಹೋಗಿದ್ದರೆ ಮೊದಲು ಯಾರು ಫೋನ್ ಮಾಡುತ್ತಿದ್ದರು.

ಕೊನೆಯ ಪ್ರಶ್ನೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಫಲ ಎಂಬ ದೊಡ್ಡ ಮಾತನ್ನು ಯಾರೂ ತಡೆಯಿಲ್ಲದೆ ಆಡಿಬಿಡಬಹುದು. ರಿಪೋರ್ಟ್ ನಿಂತ ದಿನ ಯಾರು ರೇಗಿದರು ಎಂಬುದನ್ನು, ಆ ಕೆಲಸದ ಒಳಗೆ ಇದ್ದವರು ಮಾತ್ರ ಹೇಳಬಲ್ಲರು.

ನಮ್ಮ ಮಾತು ಹೆಚ್ಚುಕಡಿಮೆ ಹೀಗೆ ನಡೆಯಿತು.

‘ಅಂಗಡಿಗಳ ದಾಸ್ತಾನಿನ ಡ್ಯಾಶ್‌ಬೋರ್ಡ್ ಮಾಡಿದ್ದೆ ಮೇಡಂ. ಸ್ಟಾಕ್ ಎಷ್ಟಿದೆ, ಎಷ್ಟು ಮಾರಿದೆ ಎಲ್ಲ ತೋರಿಸುತ್ತಿತ್ತು.’

‘ಯಾರು ನೋಡ್ತಿದ್ರಮ್ಮ ಅದನ್ನ?’

‘ಮ್ಯಾನೇಜರ್‌ಗಳು.’ ಸ್ವಲ್ಪ ತಡೆದು, ‘ನಿಜ ಹೇಳಬೇಕು ಅಂದ್ರೆ ಆರು ವಾರ ಆದ್ಮೇಲೆ ಯಾರೂ ತೆರೀತಿರಲಿಲ್ಲ. ಯೂಸೇಜ್ ಲಾಗ್ ನೋಡಿದಾಗ ಗೊತ್ತಾಯ್ತು.’

‘ಆಗ ಏನು ಮಾಡಿದ್ರಿ?’

‘ಇಬ್ಬರು ಅಂಗಡಿಯವರಿಗೆ ಫೋನ್ ಮಾಡಿ ಕೇಳಿದೆ ಮೇಡಂ. ಗುರುವಾರ ಲಾರಿ ಬರೋದಕ್ಕೆ ಮುಂಚೆ ಯಾವ ಸಾಮಾನು ಖಾಲಿಯಾಗುತ್ತೆ, ಅಷ್ಟು ಹೇಳಿ ಸಾಕು ಅಂದ್ರು. ಹಾಗಾಗಿ ಹದಿನೈದು ಸಾಲಿನ ಒಂದು ಪಟ್ಟಿ ಮಾಡಿ ಮಂಗಳವಾರ ಬೆಳಿಗ್ಗೆ ಮೇಲ್‌ನಲ್ಲಿ ಹೋಗೋ ಹಾಗೆ ಮಾಡಿದ್ವಿ. ಆಮೇಲೆ ಅದನ್ನೇ ನೋಡಿ ಆರ್ಡರ್ ಹಾಕ್ತಿದ್ರು.’

‘ಇದನ್ನ ರೆಸ್ಯೂಮಲ್ಲಿ ಯಾಕೆ ಬರೆದಿಲ್ಲ?’

‘ಅದು ಬರೀ ಪಟ್ಟಿ ಅಲ್ವಾ ಮೇಡಂ. ಮತ್ತೆ ಟೀಮ್‌ದು ಅದು.’

ಮೂರು ವರ್ಷದ ಕೆಲಸದಲ್ಲಿ ನಮಗೆ ಬೇಕಾದ ಗುಣ ಎದ್ದು ಕಾಣುವ ಜಾಗವನ್ನೇ ಅವಳು ಬರೆಯದೆ ಬಿಟ್ಟಿದ್ದಳು. ತಾನು ಕಟ್ಟಿದ್ದನ್ನು ಯಾರೂ ಬಳಸುತ್ತಿಲ್ಲ ಎಂದು ತಾನೇ ಕಂಡುಹಿಡಿದು, ಬಳಸಬೇಕಾದವರನ್ನು ಕೇಳಿ, ದೊಡ್ಡದನ್ನು ಬಿಟ್ಟು ಸಣ್ಣದನ್ನು ಕೊಟ್ಟಿದ್ದಾಳೆ.

ಇಲ್ಲಿ ‘ಮಾಡಿದ್ವಿ’ ಎಂಬ ಮಾತನ್ನು ಗಮನಿಸಿ. ‘ನಾವು’ ಎನ್ನುವವರು ಕೆಲಸದಲ್ಲಿ ಬರೀ ಜೊತೆಗಿದ್ದರು ಎಂದು ಅರ್ಥ ಮಾಡಿಕೊಳ್ಳುವವರಿದ್ದಾರೆ. ಕನ್ನಡದಲ್ಲಿ ಯೋಚಿಸುವವರನ್ನು ಆ ಅಳತೆಗೋಲಿನಿಂದ ಅಳೆದರೆ ಮೋಸವಾಗುತ್ತದೆ. ನಾವು ಒಬ್ಬರೇ ಮಾಡಿದ ಕೆಲಸಕ್ಕೂ ‘ಮಾಡಿದ್ವಿ’ ಎನ್ನುತ್ತೇವೆ. ಆದರೂ ತಿಳಿದುಕೊಳ್ಳಬೇಕು. ‘ಅಂಗಡಿಯವರಿಗೆ ಫೋನ್ ಮಾಡಿದ್ದು ಯಾರು? ಪಟ್ಟಿಯ ಕ್ವೆರಿ ಬರೆದವರು ಯಾರು? ಹದಿನೈದೇ ಸಾಲು ಸಾಕು ಎಂದವರು ಯಾರು?’ ಎಂದು ಒಂದೊಂದನ್ನೇ ಕೇಳಿದೆ. ಫೋನ್ ಅವಳದು, ಕ್ವೆರಿಯ ಅರ್ಧ ಸಹೋದ್ಯೋಗಿಯದು, ಹದಿನೈದು ಸಾಲಿನ ಮಿತಿ ಅವಳದು. ಸಹೋದ್ಯೋಗಿಯ ಪಾಲನ್ನು ತಾನಾಗಿ ಹೇಳಿದ್ದರಿಂದ ಉಳಿದದ್ದನ್ನು ನಂಬಲು ನನಗೆ ಸುಲಭವಾಯಿತು.

ಕೇಳಬಾರದ್ದೂ ಒಂದಿದೆ. ಗ್ರಾಹಕ ಕಂಪನಿಯ ಹೆಸರು, ಅವರ ಮಾರಾಟದ ಮೊತ್ತ, ಹಳೆಯ ಡ್ಯಾಶ್‌ಬೋರ್ಡಿನ ಫೋಟೋ ಕೇಳಬೇಡಿ. ಕೊಡುವವರ ಬಗ್ಗೆ ನಾನು ಹುಷಾರಾಗುತ್ತೇನೆ, ಯಾಕೆಂದರೆ ನಾಳೆ ನಮ್ಮ ಬೆಳೆಗಾರರ ಲೆಕ್ಕವೂ ಹಾಗೇ ಹೊರಗೆ ಹೋದೀತು.

ಇದೇ ಪ್ರಶ್ನೆಗಳಿಗೆ ಇನ್ನೊಬ್ಬ ಅಭ್ಯರ್ಥಿಯ ಉತ್ತರ ಬೇರೆ ತೆರನಾಗಿತ್ತು. ಪವರ್ ಬಿಐನ ಒಳಹೊರಗು ಪೂರ್ತಿ ಗೊತ್ತಿತ್ತು. ಮಾಡೆಲ್ ನಿಧಾನವಾದಾಗ ಹೇಗೆ ಸರಿಮಾಡಿದೆ ಎಂದು ಸೊಗಸಾಗಿ ವಿವರಿಸಿದರು. ಯಾರು ಬಳಸುತ್ತಿದ್ದರು ಎಂದರೆ ‘ಬಿಸಿನೆಸ್ ಟೀಮ್’, ಏನು ಮಾಡುತ್ತಿದ್ದರು ಎಂದರೆ ‘ಇನ್‌ಸೈಟ್ಸ್ ತಗೊಳ್ತಿದ್ರು’. ಎರಡು ಸಲ ಬೇರೆ ಬೇರೆ ರೀತಿ ಕೇಳಿದರೂ ಅಲ್ಲಿಂದ ಮುಂದೆ ಹೋಗಲಿಲ್ಲ. ಅವರು ಕಡಿಮೆಯವರಲ್ಲ. ಹತ್ತಾರು ರಿಪೋರ್ಟ್‌ಗಳನ್ನು ಗಟ್ಟಿಯಾಗಿ ಕಟ್ಟಿ ನಿಲ್ಲಿಸುವ ಹುದ್ದೆಗೆ ಅವರೇ ಸರಿ. ಪ್ರಶ್ನೆಯನ್ನು ತಾನೇ ಹುಡುಕಿಕೊಳ್ಳಬೇಕಾದ, ಪಕ್ಕದಲ್ಲಿ ಬೇರೆ ಅನಲಿಸ್ಟ್ ಇಲ್ಲದ ನಮ್ಮ ಹುದ್ದೆಗೆ ಹೊಂದುವುದಿಲ್ಲ ಅಷ್ಟೇ.

ನಾಲ್ಕನೇ ಹೆಜ್ಜೆ: ನಿಮ್ಮದೇ ಡೇಟಾ ಕೊಟ್ಟು ಒಂದೂವರೆ ಗಂಟೆ ಕೂರಿಸಿ

ಮಾತಿನಲ್ಲಿ ಗೆದ್ದವರನ್ನು ಕೆಲಸದಲ್ಲಿ ನೋಡಲೇಬೇಕು. ಮನೆಗೆ ಕೊಟ್ಟು ಕಳಿಸುವ ಪರೀಕ್ಷೆಯನ್ನು ನಾನು ಬಿಟ್ಟಿದ್ದೇನೆ. ಯಾರು ಮಾಡಿದರು ಎಂದು ತಿಳಿಯುವುದಿಲ್ಲ, ನೌಕರಿಯಲ್ಲಿರುವವರ ಎರಡು ರಾತ್ರಿಯೂ ಹಾಳು. ಆಫೀಸಿನಲ್ಲೇ 90 ನಿಮಿಷ ಕೊಡಿ, ಬಸ್ ಚಾರ್ಜೂ ದಿನದ ಭತ್ಯೆಯೂ ಕೊಡಿ. ಕೊಡುವ ಡೇಟಾ ಹಿಂದಿನ ಸೀಸನ್ನಿನದಾಗಿರಲಿ, ಬೆಳೆಗಾರರ ಹೆಸರು ತೆಗೆದು ನಂಬರ್ ಹಾಕಿರಲಿ. ಇನ್ನೂ ತೀರ್ಮಾನವಾಗದ ಈಗಿನ ಸಮಸ್ಯೆಯನ್ನು ಕೊಟ್ಟು ಉತ್ತರ ಪಡೆದುಕೊಳ್ಳುವುದು ಸರಿಯಲ್ಲ, ಅದು ಬಿಟ್ಟಿ ದುಡಿಮೆ.

ನಾವು ಕೊಟ್ಟದ್ದು ಎರಡು ಟೇಬಲ್. ಒಂದರಲ್ಲಿ 240 ಖರೀದಿ ಚೀಟಿ: ಚೀಟಿ ಸಂಖ್ಯೆ, ಡಿಪೋ, ಕೆ.ಜಿ., ತೇವಾಂಶ, ಡಿಪೋ ಔಟ್‌ಟರ್ನ್, ಮಿಲ್ ಔಟ್‌ಟರ್ನ್. ಇನ್ನೊಂದರಲ್ಲಿ ಹಣ ಪಾವತಿಯ ವಿವರ. ಪ್ರಶ್ನೆ ಒಂದೇ: ‘ಔಟ್‌ಟರ್ನ್ ಅಂತರದಿಂದ ಎಷ್ಟು ಹೆಚ್ಚು ಹಣ ಹೋಗಿದೆ, ಮುಂದಿನ ವಾರ ಏನು ಬದಲಿಸಬೇಕು?’ ಏನು ಬೇಕಾದರೂ ಕೇಳಬಹುದು, ಪಕ್ಕದ ಕೋಣೆಯಲ್ಲೇ ಇರುತ್ತೇನೆ ಎಂದೂ ಹೇಳಿದೆ.

ಇದರಲ್ಲಿ ಮೂರು ಕಡೆ ಕಾಲು ಜಾರುವ ಜಾಗ ಇದೆ. ಹೊಸದಾಗಿ ಸೃಷ್ಟಿಸಿದ್ದಲ್ಲ, ಮೂರೂ ನಮ್ಮ ಲೆಕ್ಕದಲ್ಲಿ ನಿಜವಾಗಿ ಇರುವಂಥವು.

ಮೊದಲನೆಯದು ಪಾವತಿಯ ಟೇಬಲ್. ಕೆಲವು ಬೆಳೆಗಾರರಿಗೆ ಮೊದಲು ಅಡ್ವಾನ್ಸ್, ಆಮೇಲೆ ಬಾಕಿ ಎಂದು ಎರಡು ಸಲ ಹಣ ಹೋಗಿರುತ್ತದೆ. ಅಂದರೆ ಒಂದು ಚೀಟಿಗೆ ಎರಡು ಸಾಲು. ಎರಡೂ ಟೇಬಲ್ ಸೇರಿಸಿದ ಕೂಡಲೇ ಆ ಚೀಟಿಯ ಕೆ.ಜಿ. ಎರಡು ಸಲ ಎಣಿಕೆಯಾಗುತ್ತದೆ.

```sql
SELECT SUM(kg) FROM slips;

SELECT SUM(s.kg)
FROM slips s
JOIN payments p ON p.slip_no = s.slip_no;
```

ಮೊದಲನೆಯದು 1,86,400 ಕೆ.ಜಿ. ಕೊಟ್ಟರೆ ಎರಡನೆಯದು 2,31,900 ಕೊಡುತ್ತದೆ. ಕಂಪ್ಯೂಟರ್ ಯಾವ ತಪ್ಪನ್ನೂ ತೋರಿಸುವುದಿಲ್ಲ. ಚಾರ್ಟೂ ಚೆನ್ನಾಗಿಯೇ ಬರುತ್ತದೆ. ಟೇಬಲ್ ಸೇರಿಸುವ ಮುಂಚೆ ಒಮ್ಮೆ, ಸೇರಿಸಿದ ಮೇಲೆ ಒಮ್ಮೆ ಒಟ್ಟು ತೂಕ ನೋಡುವ ಅಭ್ಯಾಸ ಇದ್ದವರಿಗೆ ಮಾತ್ರ ಇದು ಸಿಗುತ್ತದೆ. ಎಸ್‌ಕ್ಯೂಎಲ್ ಗೊತ್ತಿದೆ ಎನ್ನುವುದಕ್ಕೂ ಅದರ ಮೇಲೆ ಹಣದ ತೀರ್ಮಾನ ಬಿಡಬಹುದು ಎನ್ನುವುದಕ್ಕೂ ಇರುವ ದೂರ ಇಷ್ಟು. ಸಂತೆಯಲ್ಲಿ ಚೀಲ ಎಣಿಸಿ ಲಾರಿಗೆ ಹಾಕಿದ ಮೇಲೆ ಇನ್ನೊಮ್ಮೆ ಎಣಿಸುವವರು ಇದ್ದಾರಲ್ಲ, ಅದೇ ಗುಣ ಇಲ್ಲೂ ಬೇಕು.

ಎರಡನೆಯದು ಸರಾಸರಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಡಿಪೋದಿಂದ ಬಂದು ಬೇರೆಬೇರೆಯಾಗಿ ಸುಲಿದ ಮೂರು ಲಾಟ್ ಇವೆ ಎಂದುಕೊಳ್ಳಿ. 500 ಕೆ.ಜಿ.ಯ ಒಂದರಲ್ಲಿ ಡಿಪೋ ಔಟ್‌ಟರ್ನ್ 28, ಮಿಲ್ಲಿನದು 26.5. ಇನ್ನೊಂದು 500 ಕೆ.ಜಿ.ಯದರಲ್ಲಿ 27.5 ಮತ್ತು 26.5. ಮೂರನೆಯದು 9,000 ಕೆ.ಜಿ., ಅದರಲ್ಲಿ 27 ಮತ್ತು 26.8. ಅಂತರಗಳು 1.5, 1.0, 0.2. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ 0.9 ಬರುತ್ತದೆ. ಒಟ್ಟು 10,000 ಕೆ.ಜಿ. ಅಂದರೆ 200 ಚೀಲ, ಆದ್ದರಿಂದ 180 ಕೆ.ಜಿ. ಬೀಜಕ್ಕೆ ಹೆಚ್ಚು ಹಣ ಕೊಟ್ಟಿದ್ದೇವೆ ಎನ್ನುತ್ತದೆ ಈ ಲೆಕ್ಕ. ತೂಕಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿದರೆ ಅಂತರ 0.305, ಅಂದರೆ 61 ಕೆ.ಜಿ. ಮಾತ್ರ. ಲೆಕ್ಕ ಸುಲಭವಾಗಲಿ ಎಂದು ಒಂದು ಔಟ್‌ಟರ್ನಿಗೆ, ಅಂದರೆ ಒಂದು ಕೆ.ಜಿ. ಬೀಜಕ್ಕೆ 200 ರೂಪಾಯಿ ಇಟ್ಟುಕೊಂಡರೆ, ಮೊದಲ ಲೆಕ್ಕದಲ್ಲಿ 36,000 ರೂಪಾಯಿ ನಷ್ಟ, ಎರಡನೆಯದರಲ್ಲಿ 12,200. ಮೊದಲ ಅಂಕಿಯನ್ನು ಸಾಹುಕಾರರ ಮುಂದಿಟ್ಟರೆ ಆ ಡಿಪೋದವನ ಕೆಲಸಕ್ಕೆ ಕುತ್ತು. ಅವನ ತಪ್ಪು ಅಷ್ಟಿಲ್ಲ.

ಸೋಮವಾರಪೇಟೆಯ ಹುಡುಗಿ ಮೊದಲು ಸಾದಾ ಸರಾಸರಿಯನ್ನೇ ಹಾಕಿದಳು. ಐದು ನಿಮಿಷ ಬಿಟ್ಟು ತಾನೇ ಅಳಿಸಿ ತೂಕದ ಸರಾಸರಿಗೆ ಬಂದಳು. ಅಲ್ಲಿಗೆ ನಿಲ್ಲಿಸಲಿಲ್ಲ. ‘ಮೇಡಂ, ಅಂತರ ಡಿಪೋದ್ದು ಅನ್ನಿಸ್ತಿಲ್ಲ. ಸಣ್ಣ ಲಾಟ್‌ಗಳಲ್ಲೇ ಜಾಸ್ತಿ ಇದೆ, ಎಲ್ಲ ಡಿಪೋದಲ್ಲೂ. ಸಣ್ಣ ಲಾಟ್ ಬಂದಾಗ ಸ್ಯಾಂಪಲ್ ಎಷ್ಟು ಚೀಲದಿಂದ ತೆಗೀತಾರೆ?’ ಎಂದು ಬಂದು ಕೇಳಿದಳು. ನಾನು ತೂಕದ ಹುಡುಗನನ್ನೇ ಕರೆದೆ. ಹತ್ತು ಚೀಲ ಬಂದರೆ ಮೇಲಿನ ಒಂದು ಚೀಲದಿಂದ ಒಂದು ಹಿಡಿ ತೆಗೆಯುತ್ತೇವೆ ಎಂದು ಅವನು ಹೇಳಿದ. ಎಲ್ಲ ಚೀಲಕ್ಕೂ ಕೊಳವೆ ಹಾಕಿ ಸ್ಯಾಂಪಲ್ ತೆಗೆಯುವುದು ದೊಡ್ಡ ಲಾಟಿಗೆ ಮಾತ್ರ ಇತ್ತು. ಅವಳ ಕೊನೆಯ ಸಲಹೆ ಇಷ್ಟೇ: ಸಣ್ಣ ಲಾಟಿನಲ್ಲೂ ಪ್ರತಿ ಚೀಲದಿಂದ ಸ್ಯಾಂಪಲ್ ತೆಗೆಯಿರಿ, ಎರಡು ವಾರ ನೋಡಿ, ಆಮೇಲೆ ಡಿಪೋದವರ ಬಗ್ಗೆ ಮಾತಾಡೋಣ.

ಮೂರನೆಯದು ಖಾಲಿ ಜಾಗ. ಒಂದು ಡಿಪೋದ ಚೀಟಿಗಳಿಗೆ ಮಿಲ್ ಔಟ್‌ಟರ್ನ್ ಇರಲೇ ಇಲ್ಲ, ಯಾಕೆಂದರೆ ಆ ಲಾಟ್‌ಗಳನ್ನು ಬೇರೆಯವುಗಳ ಜೊತೆ ಬೆರೆಸಿ ಸುಲಿದಿದ್ದೆವು. ಅದಕ್ಕೆ ಉತ್ತರವೇ ಇಲ್ಲ. ಖಾಲಿ ಜಾಗಕ್ಕೆ ಸೊನ್ನೆ ತುಂಬಿದರೆ ಅಂತರ 27 ಎಂದು ಬಂದು ಎಲ್ಲ ಕೆಡುತ್ತದೆ. ಬೇರೆ ಡಿಪೋಗಳ ಸರಾಸರಿ ತುಂಬಿದರೆ ಇಲ್ಲದ ಸಾಕ್ಷಿ ಹುಟ್ಟುತ್ತದೆ. ನನಗೆ ಬೇಕಿದ್ದ ಉತ್ತರ ‘ಈ ಡಿಪೋದ ಬಗ್ಗೆ ಏನೂ ಹೇಳಲು ಆಗುವುದಿಲ್ಲ, ಮುಂದೆ ಇದನ್ನು ಬೇರೆಯಾಗಿ ಸುಲಿದು ನೋಡಿ’ ಎಂಬುದು. ಇದನ್ನು ಅವಳು ಕೊನೆಗೆ, ನಾನು ಕೇಳಿದ ಮೇಲೆ ಹೇಳಿದಳು. ತಾನಾಗಿ ಬರೆದಿರಲಿಲ್ಲ. ಅದಕ್ಕೆ ಅಂಕ ಕಡಿಮೆ ಕೊಟ್ಟೆ.

ತೇವಾಂಶದ ಕಾಲಮ್ಮನ್ನು ಅವಳು ಮುಟ್ಟಲಿಲ್ಲ. ರೋಬಸ್ಟಾ ಚೆರಿಗೆ ಶೇ. 11 ತೇವಾಂಶ ಎಂಬ ಲೆಕ್ಕ ಕಾಫಿ ಕೆಲಸದಲ್ಲಿ ಇದ್ದವರಿಗೆ ಗೊತ್ತು, ಹೆಚ್ಚಿದ್ದರೆ ಗೋದಾಮಿನಲ್ಲಿ ತೂಕ ಇಳಿಯುತ್ತದೆ. ಇದಕ್ಕೆ ಅಂಕ ಕಳೆಯಲಿಲ್ಲ. ಅದು ಕಾಫಿಯ ವಿದ್ಯೆ, ಒಂದು ಸೀಸನ್ ಯಾರ್ಡಿನಲ್ಲಿ ನಿಂತರೆ ಬರುತ್ತದೆ. ಹೀಗೆ ಕಲಿಸಬಹುದಾದದ್ದು ಯಾವುದು, ಇಂದೇ ಇರಬೇಕಾದದ್ದು ಯಾವುದು ಎಂದು ಪರೀಕ್ಷೆಗೆ ಮುಂಚೆಯೇ ಗುರುತು ಮಾಡಿಟ್ಟುಕೊಳ್ಳಿ. ಆಮೇಲೆ ಮಾಡಲು ಹೋದರೆ ಇಷ್ಟವಾದವರಿಗೆ ರಿಯಾಯಿತಿ, ಇಷ್ಟವಾಗದವರಿಗೆ ಕಟ್ಟುನಿಟ್ಟು ಆಗಿಬಿಡುತ್ತದೆ.

ಐದನೇ ಹೆಜ್ಜೆ: ಮಾತಾಡುವ ಮುಂಚೆ ಅಂಕ ಬರೆಯಿರಿ

ನಾವು ಮೂವರು ಕೂತಿದ್ದೆವು: ನಾನು, ಖರೀದಿಯ ಮ್ಯಾನೇಜರ್, ಮಿಲ್ಲಿನ ಮೇಲ್ವಿಚಾರಕರು. ಪರೀಕ್ಷೆ ಮುಗಿದ ಮೇಲೆ ಒಬ್ಬರೊಡನೊಬ್ಬರು ಮಾತಾಡದೆ ಮೂವರೂ ಬೇರೆಬೇರೆ ಹಾಳೆಯಲ್ಲಿ ಒಂದರಿಂದ ನಾಲ್ಕರವರೆಗೆ ಅಂಕ ಬರೆದೆವು. ನೋಡಿದ್ದು ಮೂರೇ ವಿಷಯ: ಅಂಕಿ ಯಾರ ಕೈಗೆ ಹೋಗುತ್ತದೆ ಎಂಬ ಅರಿವು, ಲೆಕ್ಕವನ್ನು ತಾನೇ ಪರೀಕ್ಷಿಸುವ ಅಭ್ಯಾಸ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯ. ಪ್ರತಿಯೊಂದಕ್ಕೂ ಒಂದು ಎಂದರೆ ಏನು, ನಾಲ್ಕು ಎಂದರೆ ಏನು ಎಂದು ಒಂದೊಂದು ವಾಕ್ಯ ಮುಂಚೆಯೇ ಬರೆದಿತ್ತು. ಉದಾಹರಣೆಗೆ ಎರಡನೆಯದರಲ್ಲಿ ಒಂದು ಎಂದರೆ ‘ಟೇಬಲ್ ಸೇರಿಸಿದ ಮೇಲೆ ಒಟ್ಟು ನೋಡಲಿಲ್ಲ, ಹೇಳಿದ ಮೇಲೂ ಎಲ್ಲಿ ತಪ್ಪಿತು ಎಂದು ಹುಡುಕಲಾಗಲಿಲ್ಲ’. ನಾಲ್ಕು ಎಂದರೆ ‘ತಾನೇ ನೋಡಿ, ಕಾರಣ ಕಂಡು, ನಮಗೆ ತಿಳಿಸಿದರು’.

ಇದು ದೊಡ್ಡ ಕಂಪನಿಗಳ ಆಡಂಬರ ಎಂದು ನಮ್ಮ ಮ್ಯಾನೇಜರ್ ಮೊದಲು ಒಪ್ಪಲಿಲ್ಲ. 2022ರಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ನೇಮಕಾತಿಯ ಹಳೆಯ ಅಧ್ಯಯನಗಳನ್ನು ಮತ್ತೆ ಲೆಕ್ಕ ಹಾಕಿದಾಗ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನವೇ ಮುಂದಿನ ಕೆಲಸವನ್ನು ಊಹಿಸುವುದರಲ್ಲಿ ಮೊದಲ ಸ್ಥಾನಕ್ಕೆ ಬಂತು. ಎಷ್ಟು ವರ್ಷದ ಅನುಭವ ಎಂಬುದು ಬಹಳ ಕೆಳಗೆ ಹೋಯಿತು. ಇದನ್ನು ಹೇಳಿದೆ. ಆದರೆ ಅವರು ಒಪ್ಪಿದ್ದು ನಮ್ಮದೇ ಹಾಳೆಗಳನ್ನು ನೋಡಿ. ಸಂದರ್ಶನದಲ್ಲಿ ಚೆನ್ನಾಗಿ ಮಾತಾಡಿದ ಒಬ್ಬರಿಗೆ ಮೂವರೂ ಲೆಕ್ಕದ ಪರೀಕ್ಷೆಯಲ್ಲಿ ಬರೀ ಒಂದು ಅಂಕ ಕೊಟ್ಟಿದ್ದೆವು. ಹಾಳೆ ಇಲ್ಲದಿದ್ದರೆ ಆ ಮಾತಿನ ಮೋಡಿಯಲ್ಲಿ ಅವರೇ ಬರುತ್ತಿದ್ದರು.

ಮೂವರ ಅಂಕದಲ್ಲಿ ಎರಡು ಅಥವಾ ಹೆಚ್ಚು ವ್ಯತ್ಯಾಸ ಇದ್ದ ಕಡೆ ಮಾತ್ರ ಚರ್ಚೆ ಮಾಡಿ. ಆ ಹುಡುಗಿಯ ವಿಷಯದಲ್ಲಿ ಅದು ಮೂರನೆಯದರಲ್ಲಿ ಬಂತು. ಮೇಲ್ವಿಚಾರಕರು ನಾಲ್ಕು ಕೊಟ್ಟಿದ್ದರು, ನಾನು ಎರಡು. ಅವರು ನೋಡಿದ್ದು ‘ಎರಡು ವಾರ ನೋಡಿ ಆಮೇಲೆ ಮಾತಾಡೋಣ’ ಎಂಬ ಮಾತು. ನಾನು ನೋಡಿದ್ದು ಖಾಲಿ ಡಿಪೋದ ಮೌನ. ಎರಡೂ ನಿಜ. ಮೂರಕ್ಕೆ ಒಪ್ಪಿದೆವು.

ಹೊಸಬರಾದರೆ

ಈಗಷ್ಟೇ ಓದು ಮುಗಿಸಿ ಬಂದವರಲ್ಲಿ ಫಲ ಹುಡುಕುವುದೇ ತಪ್ಪು. ಅವರಿಗೆ ಮೂರನೇ ಹೆಜ್ಜೆಯಲ್ಲಿ ಕಾಲೇಜಿನ ಪ್ರಾಜೆಕ್ಟ್ ಕೇಳಬೇಡಿ, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಡೇಟಾ ಇರುತ್ತದೆ. ಮನೆಯ ಲೆಕ್ಕ ಕೇಳಿ. ಹೋಂಸ್ಟೇ ನಡೆಸುವ ಮನೆಯ ಒಬ್ಬ ಹುಡುಗ, ಮಳೆಗಾಲದಲ್ಲಿ ಕೋಣೆ ಖಾಲಿ ಬೀಳುವುದನ್ನು ಎರಡು ವರ್ಷ ನೋಟ್‌ಬುಕ್ಕಿನಲ್ಲಿ ಬರೆದು, ಯಾವ ವಾರ ಅಡುಗೆಯವರಿಗೆ ರಜೆ ಕೊಡಬಹುದು ಎಂದು ಅಮ್ಮನಿಗೆ ಹೇಳಿದ್ದನ್ನು ವಿವರಿಸಿದ. ಅಂಕಿಯಿಂದ ತೀರ್ಮಾನಕ್ಕೆ ಹೋದ ದಾರಿ ಅದರಲ್ಲಿ ಪೂರ್ತಿ ಇತ್ತು.

ಕೊನೆಯ ಹೆಜ್ಜೆ: ಹಳೆಯ ಸಹೋದ್ಯೋಗಿಗೆ ಒಂದು ಫೋನ್

ಅಭ್ಯರ್ಥಿಯ ಒಪ್ಪಿಗೆ ಪಡೆದೇ ಮಾಡಿ, ಈಗಿನ ಕಂಪನಿಗೆ ಅವರು ಬೇಡ ಎಂದರೆ ಮಾಡಬೇಡಿ. ‘ಹೇಗೆ ಅವರು?’ ಎಂದರೆ ‘ಒಳ್ಳೆಯವರು’ ಎಂಬ ಉತ್ತರ ಮಾತ್ರ ಬರುತ್ತದೆ. ನಾನು ಕೇಳುವುದು: ‘ಇವರು ಕೊಟ್ಟ ಯಾವುದಾದರೂ ಅಂಕಿ ನೋಡಿ ನೀವು ನಿಮ್ಮ ಕೆಲಸ ಬದಲಿಸಿದ್ದು ನೆನಪಿದೆಯಾ?’ ಅವಳ ಹಳೆಯ ಸಹೋದ್ಯೋಗಿ ಸ್ವಲ್ಪ ಯೋಚಿಸಿ ಮಂಗಳವಾರದ ಪಟ್ಟಿಯ ವಿಷಯವನ್ನೇ ಹೇಳಿದರು. ನಾನು ಅದರ ಸುಳಿವನ್ನೂ ಕೊಟ್ಟಿರಲಿಲ್ಲ.

ಡಿಸೆಂಬರಿನಲ್ಲಿ ಅವಳು ಸೇರಿದಳು. ಆಯ್ಕೆಯಾಗದ ಪವರ್ ಬಿಐ ಅಭ್ಯರ್ಥಿಗೂ ನಾನೇ ಫೋನ್ ಮಾಡಿ, ಎಲ್ಲಿ ಹೊಂದಲಿಲ್ಲ ಎಂದು ಹೇಳಿ, ಹಳೆಯ ಒಂದು ರಿಪೋರ್ಟಿನ ಬಳಕೆದಾರರನ್ನು ಹುಡುಕಿ ಮಾತಾಡಿಸಲು ಕೇಳಿಕೊಂಡೆ. ಅದಕ್ಕೆ ಮಾದರಿಯಾಗಿ, ಸೋಮವಾರಪೇಟೆಯ ಹುಡುಗಿಯ ಒಪ್ಪಿಗೆ ಪಡೆದು, ಅವಳ ರೆಸ್ಯೂಮಿನ ಆ ಸಾಲನ್ನು ನಾವಿಬ್ಬರೂ ಕೂತು ತಿದ್ದಿದ್ದನ್ನು ಕಳಿಸಿದೆ. ಶೇಕಡಾವಾರು ಅಂಕಿ ಅದರಲ್ಲಿ ಒಂದೂ ಇಲ್ಲ:

‘ಅಂಗಡಿಗಳ ದಾಸ್ತಾನು ಡ್ಯಾಶ್‌ಬೋರ್ಡನ್ನು ಆರು ವಾರದ ನಂತರ ಯಾರೂ ತೆರೆಯುತ್ತಿಲ್ಲ ಎಂದು ಕಂಡುಕೊಂಡೆ, ಅಂಗಡಿಯವರನ್ನು ಕೇಳಿ, ಗುರುವಾರದ ಲಾರಿಗೆ ಮುಂಚೆ ಖಾಲಿಯಾಗುವ ಸಾಮಾನಿನ 15 ಸಾಲಿನ ಪಟ್ಟಿಯನ್ನು ಸಹೋದ್ಯೋಗಿಯೊಬ್ಬರ ಜೊತೆ ಮಾಡಿದೆ, ಅವರು ಅದನ್ನು ನೋಡಿಯೇ ವಾರದ ಆರ್ಡರ್ ಹಾಕುತ್ತಿದ್ದರು.’